ಒಂದು ವಸಿಯತ್, ಎರಡು ಆಯತ್‌ಗಳು

ಕನಕಪುರದಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ ಸಿಗುವ ಹಲಗೂರಿನ ಒಂದು ಮನೆಯಲ್ಲಿ, ತೀರಿಕೊಂಡ ಯಜಮಾನರ ವಿಲ್ ನೋಡಲು ಸಿಕ್ಕಿತು. ಮನೆ, ನಿವೇಶನ ಎಲ್ಲ ಸೇರಿ ಅರವತ್ತು ಲಕ್ಷದ ಆಸ್ತಿ. ಮೂರರಲ್ಲಿ ಒಂದು ಪಾಲು, ತನಗಿಂತ ಮೊದಲೇ ಸತ್ತ ಮಗನ ಹುಡುಗನಿಗೆ; ಉಳಿದದ್ದೆಲ್ಲ ಕೊನೆತನಕ ನೋಡಿಕೊಂಡ ಮಗಳಿಗೆ. ಇಬ್ಬರು ಗಂಡುಮಕ್ಕಳು ಒಪ್ಪಲಿಲ್ಲ. ‘ವಾರಸುದಾರರಿಗೆ ವಸಿಯತ್ ಇಲ್ಲ’ ಅಂದರು. ವಿಲ್ ರಿಜಿಸ್ಟರ್ ಆಗಿದೆಯಲ್ಲ ಎಂದು ಕೇಳಿದ್ದಕ್ಕೆ ‘ಆದರೇನು?’ ಅಂದರು.

ಅವರು ಹೇಳಿದ್ದು ಸರಿ. ನಮ್ಮ ನ್ಯಾಯಾಲಯಗಳು ಕೈಗೆತ್ತಿಕೊಳ್ಳುವ ಮುಲ್ಲಾ ಅವರ ಮುಸ್ಲಿಂ ಕಾನೂನು ಗ್ರಂಥದಲ್ಲಿ ನಿಯಮ ಸ್ಪಷ್ಟವಾಗಿದೆ. ಹನಫಿಗಳಲ್ಲಿ ವಾರಸುದಾರನಿಗೆ ಬರೆದ ವಿಲ್, ಬರೆದವರು ಸತ್ತ ಮೇಲೆ ಉಳಿದ ವಾರಸುದಾರರು ಒಪ್ಪಿದರೆ ಮಾತ್ರ ನಿಲ್ಲುತ್ತದೆ. ಹೊರಗಿನವರಿಗಾದರೆ ಮೂರನೇ ಒಂದರಷ್ಟು ಬರೆಯಬಹುದು. ಗಂಡುಮಕ್ಕಳು ಬದುಕಿರುವಾಗ ಮೊಮ್ಮಗ ವಾರಸುದಾರನಲ್ಲ. ಹಾಗಾಗಿ ಅವನ ಇಪ್ಪತ್ತು ಲಕ್ಷ ಗಟ್ಟಿ, ಮಗಳ ಭಾಗ ರದ್ದು. ಉಳಿದ ನಲವತ್ತರಲ್ಲಿ ಯಜಮಾನರ ಹೆಂಡತಿಗೆ ಎಂಟನೇ ಒಂದು, ಅಂದರೆ ಐದು ಲಕ್ಷ. ಮಿಕ್ಕ ಮೂವತ್ತೈದರಲ್ಲಿ ಗಂಡುಮಕ್ಕಳಿಗೆ ತಲಾ ಹದಿನಾಲ್ಕು, ಮಗಳಿಗೆ ಏಳು.

ಲೆಕ್ಕ ಮುಗಿಯಿತು. ಆದರೆ ಕನ್ನಡ ಅನುವಾದದ ಕುರ್‌ಆನ್ ತೆರೆದರೆ ಎರಡನೇ ಅಧ್ಯಾಯದ 180ನೇ ಆಯತ್ ಬೇರೆಯೇ ಹೇಳುತ್ತದೆ. ಆಸ್ತಿ ಬಿಟ್ಟುಹೋಗುವವನು ಸಾವು ಹತ್ತಿರ ಬಂದಾಗ ತಂದೆ ತಾಯಿಗೂ ಹತ್ತಿರದ ಬಂಧುಗಳಿಗೂ ವಸಿಯತ್ ಮಾಡುವುದು ಕಡ್ಡಾಯ ಎಂಬುದು ಅದರ ಸಾರ. ತಂದೆ ತಾಯಿ ವಾರಸುದಾರರಲ್ಲವೇ? ಹಾಗಾದರೆ ಈ ಆಜ್ಞೆ ಏನಾಯಿತು?

ರೂಢಿಯ ಉತ್ತರ: ಅದು ಮನ್ಸೂಖ್, ಅಂದರೆ ರದ್ದಾದದ್ದು. ಆಮೇಲೆ ಬಂದ ನಾಲ್ಕನೇ ಅಧ್ಯಾಯದ 11, 12ನೇ ಆಯತ್‌ಗಳು ಪಾಲುಗಳನ್ನು ಗೊತ್ತುಮಾಡಿದವು. ಹಿಂದಿನ ವಿಧಿಯನ್ನು ಮುಂದಿನ ವಿಧಿ ತೆಗೆದುಹಾಕುವ ಈ ತತ್ವವೇ ನಸ್ಖ್. ಅದಕ್ಕೆ ಷರತ್ತುಗಳಿವೆ. ಎರಡೂ ವಿಧಿಗಳೇ ಆಗಿರಬೇಕು. ಕಥೆಯೋ ಸುದ್ದಿಯೋ ರದ್ದಾಗುವುದಿಲ್ಲ. ಯಾವುದು ಹಿಂದಿನದು, ಯಾವುದು ಮುಂದಿನದು ಎಂಬುದು ಪರಂಪರೆಯಿಂದ ತಿಳಿದಿರಬೇಕು. ಗ್ರಂಥದ ಕ್ರಮ ನಂಬಿದರೆ ಕೆಟ್ಟಿರಿ: ವಿಧವೆಯ ಕಾಯುವಿಕೆಯ ವಿಷಯದಲ್ಲಿ ರದ್ದುಮಾಡಿತೆನ್ನುವ ಆಯತ್ 2:234, ರದ್ದಾಯಿತೆನ್ನುವುದು ಅದರ ನಂತರ ಬರುವ 2:240. ಎಲ್ಲಕ್ಕಿಂತ ಮುಖ್ಯವಾಗಿ, ಎರಡನ್ನೂ ಒಟ್ಟಿಗೆ ಪಾಲಿಸಲು ಸಾಧ್ಯವೇ ಇರಬಾರದು.

ಜಗಳ ಹುಟ್ಟುವುದು ಈ ಕೊನೆಯ ಷರತ್ತಿನಲ್ಲಿ. ಪಾಲಿನ ಆಯತ್‌ಗಳೇ ‘ವಸಿಯತ್ ಮತ್ತು ಸಾಲ ತೀರಿದ ಮೇಲೆ’ ಎನ್ನುತ್ತವೆ. ಅಂದರೆ ವಸಿಯತ್ತೂ ಪಾಲೂ ಜೊತೆಗಿರಬಲ್ಲವು. ನೇರವಾಗಿ ತಡೆಯುವುದು, ವಾರಸುದಾರನಿಗೆ ವಸಿಯತ್ ಇಲ್ಲ ಎಂಬ ಹದೀಸ್. ಹದೀಸ್ ಕುರ್‌ಆನ್ ಅನ್ನು ರದ್ದುಮಾಡಬಹುದೇ? 820ರಲ್ಲಿ ತೀರಿಕೊಂಡ ಇಮಾಮ್ ಶಾಫಿ ಕೂಡದೆಂದರು: ಕುರ್‌ಆನಿಗೆ ಕುರ್‌ಆನೇ ಬೇಕು, ಹದೀಸ್ ಯಾವುದು ಯಾವುದನ್ನು ತೆಗೆಯಿತೆಂದು ತೋರಿಸುತ್ತದೆ ಅಷ್ಟೆ. ಹನಫಿಗಳು, ವ್ಯಾಪಕವಾಗಿ ಹರಿದುಬಂದ ಹದೀಸಿಗೆ ಆ ಬಲ ಉಂಟು ಎಂದರು. ತಬರಿ ಇಬ್ಬರನ್ನೂ ಬಿಟ್ಟರು. ಆಯತ್ ರದ್ದೇ ಆಗಿಲ್ಲ; ಪಾಲು ಸಿಗುವವರು ಅದರಿಂದ ಹೊರಬಿದ್ದರು, ಪಾಲು ಸಿಗದ ಬಂಧುಗಳಿಗೆ ಅದು ಇನ್ನೂ ಕಡ್ಡಾಯ ಎಂಬುದು ಅವರ ನಿಲುವು. ಸ್ಪೇನಿನ ಇಬ್ನ್ ಹಜ್ಮ್ ಕೂಡ ಅಂಥ ಬಂಧುಗಳಿಗೆ ವಸಿಯತ್ ಕಡ್ಡಾಯವೆಂದೇ ಹೇಳಿದರು. ಓದುವ ಕ್ರಮವಾಗಿ ನನಗೆ ಹೆಚ್ಚು ಒಪ್ಪಿಗೆಯಾಗುವುದು ಇದೇ, ಏಕೆಂದರೆ ಇದು ಯಾವ ವಾಕ್ಯವನ್ನೂ ವ್ಯರ್ಥಮಾಡುವುದಿಲ್ಲ.

ರದ್ದಾದ ಆಯತ್‌ಗಳು ಎಷ್ಟು ಎಂಬ ಎಣಿಕೆಗಳು ಇಷ್ಟು ದೂರ ದೂರ ನಿಲ್ಲಲು ಕಾರಣವೂ, ಯಾವುದನ್ನು ರದ್ದು ಎನ್ನಬೇಕು ಎಂಬ ಇದೇ ಪ್ರಶ್ನೆ. ಹಿಂದಿನವರು ಒಂದು ವಿಧಿಗೆ ವಿನಾಯಿತಿ ಬಂದರೂ, ಷರತ್ತು ಬಿದ್ದರೂ ನಸ್ಖ್ ಎಂದೇ ಬರೆದರು. ಕೆಲವರ ಪಟ್ಟಿ ಇನ್ನೂರನ್ನು ದಾಟಿತು. ಸುಯೂತಿ ಅದನ್ನು ಇಪ್ಪತ್ತರ ಆಸುಪಾಸಿಗೆ ಇಳಿಸಿದರು. 1762ರಲ್ಲಿ ತೀರಿಕೊಂಡ ದೆಹಲಿಯ ಶಾಹ್ ವಲೀಉಲ್ಲಾಹ್, ‘ಅಲ್ ಫೌಜುಲ್ ಕಬೀರ್’ ಎಂಬ ಪಾರಸಿ ಪುಸ್ತಕದಲ್ಲಿ ಆ ಪಟ್ಟಿಯನ್ನು ಒಂದೊಂದಾಗಿ ಜಾಲಾಡಿ ಐದನ್ನಷ್ಟೇ ಉಳಿಸಿದರು. ಆ ಐದರಲ್ಲಿ ನಮ್ಮ 2:180 ಒಂದು. ಇನ್ನೂ ಮುಂದೆ ಹೋದವರಿದ್ದಾರೆ. ಹತ್ತನೇ ಶತಮಾನದ ಅಬೂ ಮುಸ್ಲಿಂ ಇಸ್ಫಹಾನಿಯೂ ಅಲೀಘಡದ ಸರ್ ಸಯ್ಯದ್ ಅಹ್ಮದ್ ಖಾನ್ ಅವರೂ ಕುರ್‌ಆನಿನೊಳಗೆ ನಸ್ಖ್ ಇಲ್ಲವೇ ಇಲ್ಲ ಎಂದರು. ನಸ್ಖ್‌ಗೆ ಆಧಾರವೆಂದು ಎಲ್ಲರೂ ತೋರಿಸುವ 2:106 ಹಿಂದಿನ ಧರ್ಮಗ್ರಂಥಗಳ ಮಾತು ಎಂಬುದು ಅವರ ವಾದ.

ಹಲಗೂರಿನ ಮನೆಗೆ ಇದರಿಂದೇನು? ಆ ಮನೆಯವರು ಶಿಯಾಗಳಾಗಿದ್ದರೆ ಮೂರನೇ ಒಂದರ ಮಿತಿಯೊಳಗೆ ಮಗಳಿಗೂ, ಅಣ್ಣತಮ್ಮಂದಿರ ಒಪ್ಪಿಗೆಯಿಲ್ಲದೆ, ಬರೆಯಬಹುದಿತ್ತು. ಈಜಿಪ್ಟಿನ 1946ರ ಕಾನೂನು ಸುನ್ನಿಗಳಿಗೂ ಅದನ್ನು ಬಿಟ್ಟುಕೊಟ್ಟಿತು. ಅದೇ ಕಾನೂನು ಅನಾಥ ಮೊಮ್ಮಕ್ಕಳಿಗೆ ವಸಿಯತ್ತನ್ನು ಕಡ್ಡಾಯ ಮಾಡಿತು, ಇಬ್ನ್ ಹಜ್ಮ್‌ರ ದಾರಿ ಹಿಡಿದು. ಅಜ್ಜ ಏನೂ ಬರೆಯದೆ ಸತ್ತರೂ, ಅಪ್ಪ ಬದುಕಿದ್ದರೆ ಬರುತ್ತಿದ್ದ ಪಾಲು ಮೂರನೇ ಒಂದನ್ನು ಮೀರದಂತೆ ಹುಡುಗನಿಗೆ ಹೋಗುತ್ತದೆ. ಇಲ್ಲಿನ ಲೆಕ್ಕದಲ್ಲಿ ಅದು ಹದಿನೈದು ಲಕ್ಷ. ಹಲಗೂರಿನಲ್ಲಿ ಅಜ್ಜ ಬರೆದಿಡದೆ ಹೋಗಿದ್ದರೆ ಅವನಿಗೆ ಬರುತ್ತಿದ್ದದ್ದು ಸೊನ್ನೆ.