ಬೋರಲು ಹಾಕಿದ ಬಟ್ಟಲು: ನೀಲಿ-ಬಿಳಿ ಪಿಂಗಾಣಿಯ ವಯಸ್ಸು ಹೇಳುವ ಬಗೆ ಬದಲಾದ ಕಥೆ

ಬೆಂಗಳೂರಿನ ದಂಡು ಪ್ರದೇಶಕ್ಕೆ ಹಳೆಯ ನೀಲಿ-ಬಿಳಿ ಬಟ್ಟಲುಗಳು ಬರುವ ದಾರಿಗಳು ಹಲವು. 1809ರಲ್ಲಿ ಹಲಸೂರಿನ ಮಗ್ಗುಲಲ್ಲಿ ದಂಡು ನೆಲೆಯೂರಿದ ಮೇಲೆ ಎದ್ದ ಬಂಗಲೆಗಳು ಒಂದೊಂದಾಗಿ ಅಪಾರ್ಟ್‌ಮೆಂಟ್ ಆಗುವಾಗ ಊಟದ ಸಾಮಾನು ಹರಾಜಿಗೆ ಬೀಳುತ್ತದೆ. ಬರ್ಮಾ, ಮಲಯಾಗಳಲ್ಲಿ ವ್ಯಾಪಾರ ಮಾಡಿದ ಚೆಟ್ಟಿಯಾರ್ ಮನೆತನಗಳ ಸಾಮಾನು ಕಾರೈಕುಡಿ ಕಡೆಯಿಂದ ಬರುತ್ತದೆ. ಜೊತೆಗೆ, ಮೊನ್ನೆ ಮೊನ್ನೆ ಸುಟ್ಟು ಕೊಳೆ ಬಳಿದ ಮಾಲೂ ಬರುತ್ತದೆ. ಶಿವಾಜಿನಗರದ ಗುಜರಿಯಲ್ಲಾಗಲಿ ಇಂದಿರಾನಗರದ ಎ.ಸಿ. ಅಂಗಡಿಯಲ್ಲಾಗಲಿ ಬಟ್ಟಲು ಕೈಗೆತ್ತಿಕೊಂಡವರು ಮೊದಲು ಮಾಡುವ ಕೆಲಸ ಒಂದೇ: ಬೋರಲು ಹಾಕಿ ತಳದ ಮುದ್ರೆ ನೋಡುವುದು. ಬೋರಲು ಹಾಕುವುದು ಸರಿ, ಆದರೆ ನೋಡಬೇಕಾದದ್ದು ಮೊದಲು ಮುದ್ರೆಯಲ್ಲ. ಈ ವಿದ್ಯೆ ಅಷ್ಟನ್ನು ಕಲಿಯಲು ಹೆಚ್ಚೂಕಡಿಮೆ ನೂರು ವರ್ಷ ಹಿಡಿಯಿತು.

ಹತ್ತೊಂಬತ್ತನೇ ಶತಮಾನದ ಯುರೋಪಿನ ಸಂಗ್ರಾಹಕರು ಮುದ್ರೆಗಳ ಪಟ್ಟಿ ಮುಂದಿಟ್ಟುಕೊಂಡು ವಯಸ್ಸು ಹೇಳುತ್ತಿದ್ದರು. ಚೀನೀ ಬಟ್ಟಲಿನ ತಳದಲ್ಲಿ ಸಾಮಾನ್ಯವಾಗಿ ಆರು ಅಕ್ಷರ ಇರುತ್ತವೆ. ಮೊದಲೆರಡು ರಾಜವಂಶ, ನಡುವಿನೆರಡು ದೊರೆಯ ಆಳ್ವಿಕೆಯ ಹೆಸರು, ಕೊನೆಯೆರಡು 'ಕಾಲದಲ್ಲಿ ಮಾಡಿದ್ದು' ಎಂದು. ಓದಲು ಸುಲಭ, ನಂಬಲು ಕಷ್ಟ. ಚೀನೀ ಕುಶಲಕರ್ಮಿಗೆ ಹಿಂದಿನ ದೊರೆಯ ಹೆಸರು ಬರೆಯುವುದು ಮೋಸವಾಗಿರಲೇಬೇಕೆಂದಿಲ್ಲ, ಹಲವು ಸಲ ಅದು ಹಿರಿಯರಿಗೆ ತೋರಿಸಿದ ಗೌರವ. 1677ರಲ್ಲಂತೂ ಪಿಂಗಾಣಿ ಊರಾದ ಜಿಂಗ್‌ಡೆಜೆನ್‌ನ ಅಧಿಕಾರಿ, ಆಗ ಆಳುತ್ತಿದ್ದ ಕಾಂಗ್‌ಶಿ ದೊರೆಯ ಹೆಸರನ್ನು ಪಾತ್ರೆಗಳ ಮೇಲೆ ಬರೆಯಕೂಡದೆಂದು ಆಜ್ಞೆ ಮಾಡಿದ. ಪಾತ್ರೆ ಒಡೆದು ದೊರೆಯ ಹೆಸರು ಕಸಕ್ಕೆ ಬೀಳಬಾರದಲ್ಲ! ಹೀಗಾಗಿ ಆ ಕಾಲದ ಅಪ್ಪಟ ಬಟ್ಟಲುಗಳಲ್ಲಿ ಎರಡು ನೀಲಿ ವೃತ್ತಗಳ ನಡುವೆ ಏನೂ ಬರೆಯದೆ ಬಿಟ್ಟದ್ದುಂಟು, ಎಲೆಯೊಂದನ್ನು ಬರೆದದ್ದುಂಟು, ಇನ್ನೂರು ವರ್ಷ ಹಿಂದಿನ ಚೆಂಗ್‌ಹುವಾ ದೊರೆಯ ಹೆಸರು ಹಾಕಿದ್ದೂ ಉಂಟು.

ಮುದ್ರೆಯ ಆಚೆ ನೋಡುವ ದಾರಿ ತೆರೆದದ್ದು ಒಂದು ಜೊತೆ ಹೂದಾನಿಗಳಿಂದ. ಲಂಡನ್ನಿನ ಪರ್ಸಿವಲ್ ಡೇವಿಡ್ ಸಂಗ್ರಹದ ಆ ಹೂದಾನಿಗಳ ಕುತ್ತಿಗೆಯ ಮೇಲೆ, ಗುಡಿಗೆ ಒಪ್ಪಿಸಿದ ಹರಕೆಯ ಬರಹದ ಜೊತೆ 1351ಕ್ಕೆ ಸರಿಹೊಂದುವ ತೇದಿ ಇದೆ. ಬ್ರಿಟಿಷ್ ಮ್ಯೂಸಿಯಮ್ಮಿನ ಹಾಬ್ಸನ್ 1929ರಲ್ಲಿ ಅದನ್ನು ಪ್ರಕಟಿಸಿದರು. 1952ರಲ್ಲಿ ಅಮೆರಿಕದ ಜಾನ್ ಪೋಪ್, ಇಸ್ತಾಂಬುಲಿನ ತೋಪ್‌ಕಾಪಿ ಅರಮನೆಯ ಪಾತ್ರೆಗಳನ್ನು ಈ ಜೋಡಿಗೆ ಹೋಲಿಸಿ, ಹದಿನಾಲ್ಕನೇ ಶತಮಾನದ ಒಂದು ಗುಂಪನ್ನೇ ಬೇರ್ಪಡಿಸಿ ತೋರಿಸಿದರು. ಸ್ವಲ್ಪ ಕಾಲದಲ್ಲೇ ದಿಲ್ಲಿಯ ಫಿರೋಜ್ ಷಾ ಕೋಟ್ಲಾ ಪ್ರದೇಶದಲ್ಲಿ ತುಘಲಕ್ ಅರಮನೆಯ ಚೀನೀ ತಟ್ಟೆ-ಬಟ್ಟಲುಗಳ ಚೂರುಗಳು ನೆಲದಡಿ ಸಿಕ್ಕವು. ಹಂಪಿಯ ಅಗೆತಗಳಲ್ಲೂ ಚೀನೀ ಪಿಂಗಾಣಿಯ ಚೂರುಗಳಿವೆ. 1565ರಲ್ಲಿ ನಗರ ಹಾಳಾದ್ದರಿಂದ, ಅಲ್ಲಿ ಸಿಗುವ ಬಹುಪಾಲು ಚೂರುಗಳಿಗೆ ಆ ವರ್ಷವೇ ಒಂದು ಗಡಿ. ವಯಸ್ಸು ಹೇಳುವ ಹಕ್ಕು ಅಕ್ಷರದಿಂದ ಜಾಗಕ್ಕೆ ಜಾರಿತು: ಯಾವ ಪದರದಲ್ಲಿ, ಯಾವುದರ ಜೊತೆ ಸಿಕ್ಕಿತು ಎನ್ನುವುದು ಮುಖ್ಯವಾಯಿತು.

ನೀಲಿಯ ಗುಟ್ಟು ರಟ್ಟಾದದ್ದು 1956ರ ಸುಮಾರಿಗೆ, ರಾಸಾಯನಿಕ ಪರೀಕ್ಷೆಗಳಿಂದ. ಬಣ್ಣ ಕೋಬಾಲ್ಟಿನದೇ, ಆದರೆ ಅದಿರಿನ ಜೊತೆ ಬರುವ ಕಲಬೆರಕೆ ಬೇರೆ ಬೇರೆ. ಪಶ್ಚಿಮ ಏಷ್ಯಾದಿಂದ ತರಿಸುತ್ತಿದ್ದ ಹಳೆಯ ಅದಿರಿನಲ್ಲಿ ಕಬ್ಬಿಣ ಹೆಚ್ಚು, ಮ್ಯಾಂಗನೀಸ್ ಅತಿ ಕಡಿಮೆ. ಗೆರೆ ದಪ್ಪವಾದೆಡೆ ಕಬ್ಬಿಣ ಮೇಲೆದ್ದು ಕಪ್ಪು ಚುಕ್ಕೆಯಾಗುತ್ತದೆ. ಚೀನಾದ ಸ್ವಂತ ಅದಿರಿನಲ್ಲಿ ಮ್ಯಾಂಗನೀಸ್ ತುಂಬಿರುತ್ತದೆ, ಸರಿಯಾಗಿ ಶುದ್ಧಿ ಮಾಡದಿದ್ದರೆ ನೀಲಿ ಬೂದುಗಟ್ಟುತ್ತದೆ. ಹತ್ತೊಂಬತ್ತನೇ ಶತಮಾನದ ಕೊನೆಗೆ ಬಂದ ಕಾರ್ಖಾನೆ ಕೋಬಾಲ್ಟ್ ಎರಡೂ ಅಲ್ಲ: ಸಮತಟ್ಟು, ಚುರುಕು, ಸ್ವಲ್ಪ ನೇರಳೆ. ಇಲ್ಲಿ ಎಚ್ಚರ ಬೇಕು. ಆವಿಗೆಯ ಹೊಗೆ ಮತ್ತು ಮೆರುಗಿನ ದಪ್ಪಕ್ಕೆ ತಕ್ಕಂತೆ ಒಂದೇ ಅದಿರು ಎರಡು ಬಣ್ಣ ಕೊಡಬಲ್ಲದು. ಹದಿನೆಂಟನೇ ಶತಮಾನದಲ್ಲಿ ಹಳೆಯ ಕಪ್ಪು ಚುಕ್ಕೆಗಳನ್ನು ಕುಂಚದಿಂದ ಬೇಕೆಂದೇ ಒತ್ತಿ ಅನುಕರಿಸಿದವರೂ ಇದ್ದರು. ಹಾಗಾಗಿ ಬಣ್ಣ ನೋಡಿ ಒಂದು ಮಾತು ಹೇಳಬಹುದು, ತೀರ್ಪು ಕೊಡಲಾಗದು.

ನಮ್ಮ ಕಡೆಯ ಸಾಧಾರಣ ಬಟ್ಟಲುಗಳಿಗೆ ನಿಜವಾಗಿ ಬೆಳಕು ಬಂದದ್ದು ಸಮುದ್ರದ ತಳದಿಂದ. 1822ರಲ್ಲಿ ಇಂಡೊನೇಷ್ಯಾ ಬಳಿ ಮುಳುಗಿದ 'ಟೆಕ್ ಸಿಂಗ್' ಎಂಬ ಚೀನೀ ಹಡಗಿನಿಂದ 1999ರಲ್ಲಿ ಸುಮಾರು ಮೂರೂವರೆ ಲಕ್ಷ ಪಾತ್ರೆಗಳನ್ನು ಎತ್ತಿದರು. ಅದರಲ್ಲಿ ಅರಮನೆಯ ಮಾಲಿಲ್ಲ, ದಿನದ ಊಟದ ಒರಟು ಬಟ್ಟಲುಗಳೇ ಹೆಚ್ಚು. ಒಳತಳದಲ್ಲಿ ಮೆರುಗಿಲ್ಲದ ಒಂದು ಬಳೆ ಇರುತ್ತದೆ. ಒಂದರೊಳಗೊಂದು ಪೇರಿಸಿ ಸುಡುವಾಗ ಮೇಲಿನದರ ಪಾದ ಅಂಟದಿರಲೆಂದು ಅಲ್ಲಿ ಮೆರುಗು ತೆಗೆಯುತ್ತಿದ್ದರು. ಕಾರೈಕುಡಿ ದಾರಿಯಿಂದ ಇಲ್ಲಿಗೆ ಬರುವ ಇಂಥ ಬಟ್ಟಲನ್ನು 'ಮಿಂಗ್' ಎಂದು ಮಾರುವವರಿದ್ದಾರೆ. ಆ ಹಡಗಿನ ಸರಕಿನ ಪಕ್ಕ ಇಟ್ಟು ನೋಡಿದರೆ ಅದು ಮಿಂಗ್ ವಂಶ ಅಳಿದು ಒಂದೂವರೆ ಶತಮಾನ ದಾಟಿದ ಮೇಲಿನ ಮಾಲು.

ಒಂದು ಬಟ್ಟಲನ್ನು ಹಿಡಿದು ನೋಡೋಣ. ಇಲ್ಲಿಯ ಹರಾಜುಗಳಲ್ಲಿ ಕಾಣುವ ಜಾತಿ: ಬಿರುಕುಬಿಟ್ಟ ಮಂಜುಗಡ್ಡೆಯಂಥ ನೀಲಿ ಹಿನ್ನೆಲೆ, ಮೇಲೆ ಬಿಳಿ ಪ್ಲಮ್ ಹೂ, ತಳದಲ್ಲಿ ಜೋಡಿ ವೃತ್ತದೊಳಗೆ ಕಾಂಗ್‌ಶಿ ಹೆಸರಿನ ನಾಲ್ಕೇ ಅಕ್ಷರ. ಮುದ್ರೆ ನಂಬಿದರೆ 1662ರಿಂದ 1722ರ ನಡುವಿನದು. ಪಾದದ ಅಂಚಿನ ಮೇಲೆ ಬೆರಳು ಎಳೆಯಿರಿ. ಕಾಂಗ್‌ಶಿ ಕಾಲದ ಒಳ್ಳೆಯ ಬಟ್ಟಲಾದರೆ ಜೇಡಿ ನುಣುಪು, ಅಂಚು ಚೊಕ್ಕವಾಗಿ ಕತ್ತರಿಸಿದ್ದು, ಮೆರುಗು ಅದರ ಮೇಲೆ ಒಂದೇ ಗೆರೆಯಲ್ಲಿ ನಿಂತಿರುತ್ತದೆ. ಈ ಬಟ್ಟಲಿನದು ಬಳಪದಂತೆ ಒರಟು, ಮೆರುಗಿನ ಗೆರೆ ವಕ್ರ, ಅಲ್ಲಲ್ಲಿ ಆವಿಗೆಯ ಮರಳು ಅಂಟಿದೆ. ಹೂವಿನ ಸುತ್ತಲ ನೀಲಿಯಲ್ಲಿ ತೆಳು-ಗಾಢ ಪದರಗಳಿಲ್ಲ, ಎಲ್ಲ ಕಡೆ ಒಂದೇ ನೇರಳೆ ಛಾಯೆ. ನಾಲ್ಕಕ್ಷರದ ಕಾಂಗ್‌ಶಿ ಮುದ್ರೆಯಂತೂ ಹತ್ತೊಂಬತ್ತನೇ ಶತಮಾನದ ಕೊನೆಯವರಿಗೆ ಬಲು ಪ್ರೀತಿ. ಮೂರೂ ಸೇರಿ ಗುವಾಂಗ್‌ಶು ದೊರೆಯ ಕಾಲ, ಅಂದರೆ 1875ರಿಂದ 1908ರ ಕಡೆಗೆ ಬೆರಳು ತೋರುತ್ತವೆ.

ಹೊಸ ನಕಲಿಯವರೂ ಪಾದ ಓದಲು ಕಲಿತಿದ್ದಾರೆ. ಹಳೆಯ ಪಾದದಲ್ಲಿ ಮೆರುಗು ಮುಗಿಯುವ ಗೆರೆಯಗುಂಟ ಬೆಂಕಿಯಿಂದಲೇ ತೆಳುವಾದ ಕೇಸರಿ ಅಂಚು ಮೂಡುವುದುಂಟು. ನಕಲಿಯಲ್ಲಿ ಅದನ್ನು ಬಳಿದಿರುತ್ತಾರೆ. ಆಗ ಬಣ್ಣ ಅಂಚು ಬಿಟ್ಟು ಮೆರುಗಿನ ಗುಳಿಗಳಲ್ಲೂ ಕೂತಿರುತ್ತದೆ. ಭೂತಗನ್ನಡಿಯಲ್ಲಿ ಗೀರುಗಳನ್ನೂ ನೋಡಬೇಕು. ದಶಕಗಳ ಬಳಕೆಯ ಗೀರು ದಿಕ್ಕಾಪಾಲು, ಉಜ್ಜುಕಾಗದದ್ದು ಒಂದೇ ದಿಕ್ಕು.

ಇಷ್ಟಾದರೂ ದಂಡಿನ ಬಂಗಲೆಗಳಿಂದ ಬರುವ ನೀಲಿ-ಬಿಳಿಯಲ್ಲಿ ಬಹಳಷ್ಟು ಚೀನಾದ್ದೂ ಅಲ್ಲ, ಪಿಂಗಾಣಿಯೂ ಅಲ್ಲ. ಇಂಗ್ಲೆಂಡಿನ 'ವಿಲೋ' ಚಿತ್ರದ ತಟ್ಟೆ, ಹಾಲೆಂಡಿನ ಮಾಸ್ಟ್ರಿಕ್ಟ್‌ನ ಪೆಟ್ರಸ್ ರೆಗೌಟ್ ಕಾರ್ಖಾನೆಯ ಬಟ್ಟಲು ಇವೆಲ್ಲ ಕಾಗದದಿಂದ ಅಚ್ಚಿಳಿಸಿದ ಬಿಳಿಮಣ್ಣಿನ ಪಾತ್ರೆಗಳು. ಬೆಳಕಿಗೆ ಹಿಡಿದರೆ ಬೆರಳ ನೆರಳು ಕಾಣದು, ಚಿತ್ರ ಕೂಡುವಲ್ಲಿ ಅಚ್ಚಿನ ಜೋಡು ಸಿಗುತ್ತದೆ. ಇವುಗಳ ಮಟ್ಟಿಗೆ ಮಾತ್ರ ಮುದ್ರೆಯೇ ದೊರೆ. ವಜ್ರಾಕೃತಿಯ ನೋಂದಣಿ ಗುರುತಿದ್ದರೆ ಆ ವಿನ್ಯಾಸ ದಾಖಲಾದದ್ದು 1842ರಿಂದ 1883ರೊಳಗೆ, 1884ರಿಂದ ಬರೀ ನೋಂದಣಿ ಸಂಖ್ಯೆ. ದೇಶದ ಹೆಸರು ಇಂಗ್ಲಿಷಿನಲ್ಲಿದ್ದರೆ ಸಾಮಾನ್ಯವಾಗಿ 1891ರ ನಂತರದ್ದು, ಅಮೆರಿಕದ 1890ರ ಸುಂಕ ಕಾನೂನಿನ ಫಲ. ಜಪಾನಿನ ಬಟ್ಟಲಿನಲ್ಲಿ 'ನಿಪ್ಪಾನ್' ಹೋಗಿ 'ಜಪಾನ್' ಬಂದದ್ದು 1921ರ ಸುಮಾರಿಗೆ. ನಮ್ಮ 1972ರ ಪುರಾತನ ವಸ್ತುಗಳ ಕಾಯ್ದೆ ನೂರು ವರ್ಷ ತುಂಬಿದ್ದನ್ನು ದೇಶದಿಂದ ಹೊರಗೆ ಒಯ್ಯಲು ಬಿಡದು. ಹಾಗಾಗಿ ವಿದೇಶಕ್ಕೆ ಹೊರಟ ಪೆಟ್ಟಿಗೆಯೊಳಗಿನ ಜಪಾನಿನ ಬಟ್ಟಲಿಗೆ ಈಗ 'ನಿಪ್ಪಾನ್' ಎಂಬ ಒಂದು ಪದವೇ ಲೆಕ್ಕಕ್ಕೆ ಬರುತ್ತದೆ.