‘ಪ್ರಿಲ್’ ಮಾತ್ರೆಯ ಕೆಮ್ಮು ಮತ್ತು ತುಟಿಯ ಊತ: ಒಂದು ಟಿಪ್ಪಣಿ

ಬ್ರೆಜಿಲ್‌ನ ಸೆರ್ಜಿಯೊ ಫೆರೇರಾ 1965ರಲ್ಲಿ ಜರರಾಕ ಹಾವಿನ ವಿಷದ ಬಗ್ಗೆ ಒಂದು ಸಂಗತಿಯನ್ನು ವರದಿ ಮಾಡಿದರು. ದೇಹದಲ್ಲಿ ಸಹಜವಾಗಿರುವ ಬ್ರಾಡಿಕೈನಿನ್ ಎಂಬ ವಸ್ತುವಿನ ಪ್ರಭಾವವನ್ನು ಆ ವಿಷ ಹೆಚ್ಚಿಸುತ್ತಿತ್ತು. ಕ್ಯಾಪ್ಟೊಪ್ರಿಲ್ ಹುಟ್ಟಿದ್ದು ಆ ಜಾಡಿನಲ್ಲೇ. ಎನಲಾಪ್ರಿಲ್, ರಾಮಿಪ್ರಿಲ್ ಬಂದದ್ದು ಅದರ ನಂತರ. ಇವು ತಡೆಹಿಡಿಯುವ ಎಸಿಇ ಕಿಣ್ವಕ್ಕೆ ಎರಡು ಕೆಲಸ: ರಕ್ತನಾಳಗಳನ್ನು ಕುಗ್ಗಿಸುವ ಆಂಜಿಯೊಟೆನ್ಸಿನ್ 2ನ್ನು ತಯಾರಿಸುವುದು, ಬ್ರಾಡಿಕೈನಿನ್ ಅನ್ನು ಒಡೆಯುವುದು. ಮೊದಲನೆಯದು ನಿಂತಾಗ ಬಿಪಿ ಇಳಿಯುತ್ತದೆ. ಎರಡನೆಯದು ನಿಂತಾಗ ಶ್ವಾಸನಾಳದಲ್ಲಿ ಬ್ರಾಡಿಕೈನಿನ್ ಉಳಿದು ಕೆರೆತ ಹುಟ್ಟಿಸುತ್ತದೆ.

ಐವತ್ತು ದಾಟಿದ ಒಬ್ಬ ಮಹಿಳೆ ದಿನಕ್ಕೆ 5 ಮಿಲಿಗ್ರಾಂ ರಾಮಿಪ್ರಿಲ್ ತೆಗೆದುಕೊಳ್ಳುತ್ತಿದ್ದಾರೆ ಎನ್ನೋಣ. ಮೂರನೇ ವಾರಕ್ಕೆ ಗಂಟಲು ಕೆರೆದು ಒಣಕೆಮ್ಮು ಶುರುವಾಗುತ್ತದೆ. ಕಫವಿಲ್ಲ, ಜ್ವರವಿಲ್ಲ, ರಾತ್ರಿ ನಿದ್ದೆ ಇಲ್ಲ. ಸಿರಪ್‌ಗೆ ಬಗ್ಗುವುದಿಲ್ಲ. ಎರಡು ವಾರ ಮೀರಿದ ಕೆಮ್ಮಾದ್ದರಿಂದ ನಮ್ಮಲ್ಲಿ ಕ್ಷಯದ ಪರೀಕ್ಷೆಯನ್ನು ಬಿಡುವಂತಿಲ್ಲ, ಎಕ್ಸ್‌ರೇಯನ್ನೂ ನೋಡಬೇಕು. ಅವು ಸರಿಯಿದ್ದರೆ, ಖಚಿತ ಪರೀಕ್ಷೆಯೆಂದರೆ ವೈದ್ಯರ ಸಲಹೆಯಂತೆ ಮಾತ್ರೆ ನಿಲ್ಲಿಸಿ ನೋಡುವುದು. ಸಾಮಾನ್ಯವಾಗಿ ಒಂದರಿಂದ ನಾಲ್ಕು ವಾರದಲ್ಲಿ ಕೆಮ್ಮು ಹೋಗುತ್ತದೆ, ಕೆಲವರಿಗೆ ಮೂರು ತಿಂಗಳು ಹಿಡಿಯಬಹುದು. ನಾಲ್ಕೇ ದಿನ ಕಾದು ‘ಮಾತ್ರೆಯದಲ್ಲ’ ಎಂದು ತೀರ್ಮಾನಿಸುವುದು ದುಡುಕು. ಬೇರೊಂದು ‘ಪ್ರಿಲ್’ಗೆ ಬದಲಾಯಿಸಿಯೂ ಸಾಮಾನ್ಯವಾಗಿ ಫಲವಿಲ್ಲ, ಏಕೆಂದರೆ ತಡೆಯುವುದು ಅದೇ ಕಿಣ್ವವನ್ನು.

ಬದಲಾಯಿಸಬೇಕಾದದ್ದು ಮಾತ್ರೆಯ ವರ್ಗವನ್ನೇ. ಟೆಲ್ಮಿಸಾರ್ಟಾನ್‌ನಂಥ ‘ಸಾರ್ಟಾನ್’ಗಳು ಕಿಣ್ವವನ್ನು ಮುಟ್ಟದೆ ಆಂಜಿಯೊಟೆನ್ಸಿನ್‌ನ ಗ್ರಾಹಕವನ್ನು ಮುಚ್ಚುತ್ತವೆ. 2008ರ ಆನ್‌ಟಾರ್ಗೆಟ್ ಅಧ್ಯಯನದಲ್ಲಿ ಕೆಮ್ಮಿನಿಂದಾಗಿ ಮಾತ್ರೆ ಬಿಟ್ಟವರು ರಾಮಿಪ್ರಿಲ್ ಗುಂಪಿನಲ್ಲಿ ಶೇ. 4.2, ಟೆಲ್ಮಿಸಾರ್ಟಾನ್ ಗುಂಪಿನಲ್ಲಿ ಶೇ. 1.1. ಹೃದಯ, ರಕ್ತನಾಳಗಳ ರಕ್ಷಣೆಯಲ್ಲಿ ಎರಡೂ ಸಮಬಲವಾಗಿದ್ದವು. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದ್ದರೆ ಅಥವಾ ಹೃದಯ ದುರ್ಬಲವಾಗಿದ್ದರೆ ಸಾರ್ಟಾನ್‌ಗೇ ಹೋಗುವುದು ಸೂಕ್ತ. ಬರೀ ಬಿಪಿ ಇದ್ದವರಿಗೆ ಆಮ್ಲೊಡಿಪಿನ್ ಕೂಡ ಸಾಕಾದೀತು. ಸಾರ್ಟಾನ್ ಆರಂಭಿಸಿದ ಒಂದೆರಡು ವಾರದಲ್ಲಿ ರಕ್ತದ ಪೊಟ್ಯಾಸಿಯಮ್, ಕ್ರಿಯಾಟಿನಿನ್ ನೋಡಬೇಕು. ಗರ್ಭಿಣಿಯರಿಗೆ ಎರಡು ವರ್ಗವೂ ವರ್ಜ್ಯ. ಕೆಮ್ಮು ಅಲ್ಪವಾಗಿದ್ದು ರೋಗಿಗೆ ತೊಂದರೆಯಿಲ್ಲದಿದ್ದರೆ ಬದಲಾವಣೆ ಕಡ್ಡಾಯವಲ್ಲ.

ತುಟಿ, ನಾಲಿಗೆ ಊದಿದರೆ ಮಾತ್ರ ಈ ಸಾವಧಾನಕ್ಕೆ ಎಡೆಯಿಲ್ಲ. ಅದು ಸಾವಿರಕ್ಕೆ ಕೆಲವರಲ್ಲಷ್ಟೇ ಕಾಣುತ್ತದೆ, ಆದರೆ ವರ್ಷಗಳ ಕಾಲ ಮಾತ್ರೆ ಒಗ್ಗಿದವರಿಗೂ ಬರಬಹುದು. ತುರಿಕೆಯಾಗಲಿ ಮೈಮೇಲೆ ದದ್ದಾಗಲಿ ಇಲ್ಲದ ಊತ ಇದರ ಗುರುತು. ಮೂಲ ಬ್ರಾಡಿಕೈನಿನ್ ಆದ್ದರಿಂದ ಅಲರ್ಜಿಯ ಮಾತ್ರೆ, ಇಂಜೆಕ್ಷನ್‌ಗಳನ್ನು ನಂಬಿ ಮನೆಯಲ್ಲಿ ಕಾಯುವಂತಿಲ್ಲ. ನಾಲಿಗೆ ದಪ್ಪವಾದರೆ, ದನಿ ಬದಲಾದರೆ, ಎಂಜಲು ನುಂಗಲಾಗದಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಮೊದಲ ಕೆಲಸ ಉಸಿರಿನ ದಾರಿಯನ್ನು ಕಾಪಾಡುವುದು. ಒಮ್ಮೆ ಹೀಗಾದವರಿಗೆ ಯಾವ ‘ಪ್ರಿಲ್’ ಕೂಡ ಜೀವನದಲ್ಲಿ ಮತ್ತೆ ಸಲ್ಲದು, ಇದನ್ನು ಅವರ ಚೀಟಿಯಲ್ಲಿ ದೊಡ್ಡದಾಗಿ ಬರೆಯಬೇಕು. ಸಾರ್ಟಾನ್‌ನಿಂದ ಊತ ಮರುಕಳಿಸುವುದು ಅಪರೂಪ, ಆದರೂ ಅದನ್ನು ಕೊಡುವ ಅಗತ್ಯ ಬಲವಾಗಿಲ್ಲದಿದ್ದರೆ ಆಮ್ಲೊಡಿಪಿನ್‌ನಂಥ ಬೇರೆ ದಾರಿ ಹಿಡಿಯುವುದನ್ನೇ ನಾನು ಮೆಚ್ಚುತ್ತೇನೆ.