ಅಲೋಮೆಟ್ರಿಕ್ ಸಮೀಕರಣದಿಂದ ಅರಣ್ಯ ಇಂಗಾಲದ ಅಂದಾಜು

ಅಲೋಮೆಟ್ರಿಕ್ ಸಮೀಕರಣವು ಮರವನ್ನು ಕಡಿಯದೆ, ಅದರ ಸುತ್ತಳತೆ, ಎತ್ತರ ಮತ್ತು ಕಟ್ಟಿಗೆಯ ಸಾಂದ್ರತೆಯಿಂದ ಒಣತೂಕವನ್ನು ಅಂದಾಜಿಸುವ ಗಣಿತ ಸೂತ್ರ. ಈ ಒಣತೂಕವನ್ನು ಜೈವಿಕ ರಾಶಿ ಎನ್ನುತ್ತಾರೆ. ಅದರಿಂದ ಮರದಲ್ಲಿರುವ ಇಂಗಾಲದ ಪ್ರಮಾಣವನ್ನು ಲೆಕ್ಕ ಹಾಕಲಾಗುತ್ತದೆ. ಅಂದಾಜಿನೊಂದಿಗೆ ಅದರ ಅನಿಶ್ಚಿತತೆಯನ್ನೂ ತಿಳಿಸುವುದು ಈ ವಿಧಾನದ ಭಾಗವಾಗಿದೆ.

## ಕ್ಷೇತ್ರದಲ್ಲಿ ಅಳತೆ

ಕರ್ನಾಟಕದಲ್ಲಿ ಇಂತಹ ಅಳತೆ ದೀರ್ಘಕಾಲದಿಂದ ನಡೆದಿರುವ ಸ್ಥಳಗಳಲ್ಲಿ ಕೊಡಗು ಜಿಲ್ಲೆಯ ಉಪ್ಪಂಗಳವೂ ಒಂದು. ಪಶ್ಚಿಮ ಘಟ್ಟದ ಈ ನಿತ್ಯಹರಿದ್ವರ್ಣ ಕಾಡಿನಲ್ಲಿ ಪುದುಚೇರಿಯ ಫ್ರೆಂಚ್ ಸಂಸ್ಥೆಯು 1989ರ ಸುಮಾರಿಗೆ ಶಾಶ್ವತ ಅಧ್ಯಯನ ತಾಕುಗಳನ್ನು ಆರಂಭಿಸಿತು. ಇಲ್ಲಿ 30 ಸೆಂ.ಮೀ. ಅಥವಾ ಅದಕ್ಕಿಂತ ಹೆಚ್ಚು ಸುತ್ತಳತೆಯ ಮರಗಳನ್ನು ಗುರುತಿಸಿ, ಮತ್ತೆ ಮತ್ತೆ ಅಳೆಯಲಾಗುತ್ತದೆ.

ಸುತ್ತಳತೆಯನ್ನು ಸಾಮಾನ್ಯವಾಗಿ ನೆಲದಿಂದ 1.3 ಮೀಟರ್ ಎತ್ತರದಲ್ಲಿ ಟೇಪಿನಿಂದ ತೆಗೆಯುತ್ತಾರೆ. ಬುಡದಲ್ಲಿ ಬೇರುಗಳು ಹಲಗೆಯಂತೆ ಚಾಚಿಕೊಂಡಿದ್ದರೆ ಅವುಗಳ ಮೇಲ್ಭಾಗದಲ್ಲಿ ಅಳೆದು, ಆ ಎತ್ತರವನ್ನು ಬರೆದಿಡಬೇಕು. ಸುತ್ತಳತೆಯನ್ನು 3.1416ರಿಂದ ಭಾಗಿಸಿದರೆ ವ್ಯಾಸ ದೊರೆಯುತ್ತದೆ.

## ಸಮೀಕರಣ ಮತ್ತು ಉದಾಹರಣೆ

ಉಷ್ಣವಲಯದ ಕಾಡುಗಳಿಗೆ ಹೆಚ್ಚಾಗಿ ಬಳಕೆಯಾಗುವ ಸೂತ್ರಗಳಲ್ಲೊಂದನ್ನು ಜೆರೋಮ್ ಶಾವ್ ಮತ್ತು ಸಹಲೇಖಕರು 2014ರಲ್ಲಿ ಪ್ರಕಟಿಸಿದರು. ಇದು 58 ಸ್ಥಳಗಳಲ್ಲಿ ಕಡಿದು ತೂಗಿದ 4,004 ಮರಗಳ ದತ್ತಾಂಶವನ್ನು ಆಧರಿಸಿದೆ:

```
AGB = 0.0673 × (ρ × D² × H)^0.976
```

ಇಲ್ಲಿ AGB ನೆಲದ ಮೇಲಿನ ಒಣತೂಕ (ಕೆ.ಜಿ.), ρ ಕಟ್ಟಿಗೆಯ ಸಾಂದ್ರತೆ (ಪ್ರತಿ ಘನ ಸೆಂ.ಮೀ.ಗೆ ಗ್ರಾಂ), D ವ್ಯಾಸ (ಸೆಂ.ಮೀ.) ಮತ್ತು H ಎತ್ತರ (ಮೀಟರ್). ಬೇರು, ಬಿದ್ದ ಮರ ಹಾಗೂ ಮಣ್ಣಿನ ಇಂಗಾಲ ಇದರಲ್ಲಿ ಸೇರುವುದಿಲ್ಲ.

ಉದಾಹರಣೆಗೆ, 157 ಸೆಂ.ಮೀ. ಸುತ್ತಳತೆಯ ಮರದ ವ್ಯಾಸ ಸುಮಾರು 50 ಸೆಂ.ಮೀ. ಅದರ ಎತ್ತರ 28 ಮೀಟರ್, ಸಾಂದ್ರತೆ 0.55 ಎಂದುಕೊಂಡರೆ ಆವರಣದೊಳಗಿನ ಗುಣಲಬ್ಧ 38,500 ಆಗುತ್ತದೆ. ಸೂತ್ರದ ಪ್ರಕಾರ ಒಣತೂಕ ಸುಮಾರು 2,010 ಕೆ.ಜಿ. ಒಣತೂಕದ 47 ಶೇಕಡಾ ಇಂಗಾಲವೆಂದು ಹಿಡಿಯುವ ರೂಢಿಯಂತೆ ಮರದಲ್ಲಿ ಸುಮಾರು 945 ಕೆ.ಜಿ. ಇಂಗಾಲವಿದೆ.

## ಒಂದು ಮರದ ಅನಿಶ್ಚಿತತೆ

ಒಂದೇ ವ್ಯಾಸ, ಎತ್ತರ ಮತ್ತು ಸಾಂದ್ರತೆಯ ಎರಡು ಮರಗಳ ತೂಕ ಒಂದೇ ಆಗಿರಬೇಕಿಲ್ಲ. ಒಂದರ ಕೊಂಬೆಗಳು ದಟ್ಟವಾಗಿರಬಹುದು, ಇನ್ನೊಂದರ ಕಾಂಡ ಟೊಳ್ಳಾಗಿರಬಹುದು. ಮೇಲಿನ ಸೂತ್ರದಲ್ಲಿ ಈ ಚದುರುವಿಕೆ ಸ್ವಾಭಾವಿಕ ಲಾಗರಿತಮ್ ಮಾನದಲ್ಲಿ 0.357ರಷ್ಟಿದೆ. ಇದರ ಪ್ರಕಾರ, ಉದಾಹರಣೆಯ ಮರದ ನಿಜ ತೂಕ 95 ಶೇಕಡಾ ಸಂಭವನೀಯತೆಯೊಂದಿಗೆ ಸುಮಾರು 0.94 ಮತ್ತು 3.80 ಟನ್‌ಗಳ ನಡುವೆ ಇರುತ್ತದೆ. ಆದ್ದರಿಂದ ಬಿಡಿ ಮರವೊಂದರ ಇಂಗಾಲವನ್ನು ಕೆ.ಜಿ.ಯ ನಿಖರತೆಯಲ್ಲಿ ಹೇಳುವುದಕ್ಕೆ ಅರ್ಥವಿಲ್ಲ.

## ಕಾಡಿನ ಮೊತ್ತದ ಅನಿಶ್ಚಿತತೆ

ನೂರಾರು ಮರಗಳನ್ನು ಕೂಡಿಸಿದಾಗ ಇಂತಹ ಬಿಡಿ ವ್ಯತ್ಯಾಸಗಳು ಬಹುಪಾಲು ಪರಸ್ಪರ ರದ್ದಾಗುತ್ತವೆ. ಸಮಗಾತ್ರದ 400 ಮರಗಳಿದ್ದರೆ ಈ ಮೂಲದ ಮಾನಕ ದೋಷ ಮೊತ್ತದ ಸುಮಾರು 2 ಶೇಕಡಾಕ್ಕೆ ಇಳಿಯುತ್ತದೆ. ಆದರೆ ಸೂತ್ರವೇ ಆ ಕಾಡಿನ ಮರಗಳಿಗೆ ಹೊಂದದಿದ್ದರೆ ಅಥವಾ ಎತ್ತರವನ್ನು ಸದಾ ಹೆಚ್ಚಾಗಿಯೇ ಅಂದಾಜಿಸಿದ್ದರೆ ಆ ತಪ್ಪು ಎಲ್ಲ ಮರಗಳಲ್ಲೂ ಒಂದೇ ದಿಕ್ಕಿನಲ್ಲಿರುತ್ತದೆ. ಹೆಚ್ಚು ಮರಗಳನ್ನು ಅಳೆದರೂ ಅದು ಕಡಿಮೆಯಾಗದು.

ಇದಲ್ಲದೆ, ಕೆಲವೇ ತಾಕುಗಳಿಂದ ಇಡೀ ಕಾಡನ್ನು ಅಂದಾಜಿಸುವುದರಿಂದ ಮಾದರಿ ದೋಷ ಉಂಟಾಗುತ್ತದೆ. ಲೆಕ್ಕದ ರೀತಿಯನ್ನು ತೋರಿಸಲು, 10 ತಾಕುಗಳ ಸರಾಸರಿ ಹೆಕ್ಟೇರಿಗೆ 200 ಟನ್ ಇಂಗಾಲ, ಮಾನಕ ವಿಚಲನೆ 50 ಟನ್ ಎಂದು ಇಟ್ಟುಕೊಳ್ಳೋಣ. ಮಾನಕ ದೋಷ 50 ÷ √10, ಅಂದರೆ 15.8 ಟನ್. ಇದನ್ನು 10 ತಾಕುಗಳಿಗೆ ಅನ್ವಯಿಸುವ 2.262ರಿಂದ ಗುಣಿಸಿದರೆ 95 ಶೇಕಡಾ ವಿಶ್ವಾಸದ ಅಂತರ ±36 ಟನ್, ಅಂದರೆ 18 ಶೇಕಡಾ. ಸೂತ್ರದ ಆಯ್ಕೆಯಿಂದ ಇನ್ನೂ 10 ಶೇಕಡಾ ಅನಿಶ್ಚಿತತೆ ಇದೆಯೆಂದು ಭಾವಿಸಿದರೆ, ಎರಡನ್ನೂ ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೆಯಬೇಕು. ಒಟ್ಟು ಸುಮಾರು 21 ಶೇಕಡಾ ಆಗುತ್ತದೆ. ಎರಡೂ ಮೂಲಗಳು ಪರಸ್ಪರ ಸ್ವತಂತ್ರವಾಗಿದ್ದಾಗ ಮಾತ್ರ ಈ ಕ್ರಮ ಸರಿ.

## ಸಾಮಾನ್ಯ ತಪ್ಪುಗಳು

ಭಾರತದ ಕ್ಷೇತ್ರ ಪುಸ್ತಕಗಳಲ್ಲಿ ವ್ಯಾಸದ ಬದಲು ಸುತ್ತಳತೆಯನ್ನೇ ಬರೆಯುವ ವಾಡಿಕೆ ಹೆಚ್ಚು. ಅದನ್ನು ಭಾಗಿಸದೆ D ಜಾಗದಲ್ಲಿ ಹಾಕಿದರೆ ಫಲಿತಾಂಶ ಒಂಬತ್ತು ಪಟ್ಟಿಗೂ ಹೆಚ್ಚಾಗುತ್ತದೆ. ಹೆಕ್ಟೇರಿಗೆ ಸಾವಿರಾರು ಟನ್ ಇಂಗಾಲ ಬಂದರೆ ಮೊದಲು ಈ ತಪ್ಪನ್ನೇ ಹುಡುಕಬೇಕು. ಎತ್ತರದ ತಪ್ಪು ಇಷ್ಟು ಸುಲಭವಾಗಿ ಕಾಣುವುದಿಲ್ಲ. ದಟ್ಟ ಕಾಡಿನಲ್ಲಿ ಮರದ ತುದಿ ಮರೆಯಾಗಿರುವುದರಿಂದ, ಉದಾಹರಣೆಯ ಮರದಲ್ಲಿ 3 ಮೀಟರ್ ತಪ್ಪಿದರೂ ತೂಕ ಸುಮಾರು 10 ಶೇಕಡಾ ಬದಲಾಗುತ್ತದೆ.

## ಫಲಿತಾಂಶದ ನಿರೂಪಣೆ

ಮೇಲಿನ ಲೆಕ್ಕದ ಫಲಿತಾಂಶವನ್ನು "ನೆಲದ ಮೇಲಿನ ಜೀವಂತ ಮರಗಳಲ್ಲಿ ಹೆಕ್ಟೇರಿಗೆ 200 ± 41 ಟನ್ ಇಂಗಾಲ, 95 ಶೇಕಡಾ ವಿಶ್ವಾಸ" ಎಂದು ಬರೆಯಬಹುದು. ಜೊತೆಗೆ ಬಳಸಿದ ಸೂತ್ರ, ಅಳೆದ ಕನಿಷ್ಠ ಸುತ್ತಳತೆ, ತಾಕುಗಳ ಸಂಖ್ಯೆ ಮತ್ತು ಲೆಕ್ಕಕ್ಕೆ ಸೇರಿಸಿದ ದೋಷಗಳ ವಿವರ ಇರಬೇಕು. ಅದೇ ಕಾಡನ್ನು ಮುಂದೆ ಅಳೆದಾಗ 210 ಟನ್ ಬಂದರೆ, ಇಂಗಾಲ ಹೆಚ್ಚಿದೆ ಎಂದು ಆ ಎರಡು ಸಂಖ್ಯೆಗಳಿಂದಷ್ಟೇ ತೀರ್ಮಾನಿಸಲಾಗದು. ಉಪ್ಪಂಗಳದಲ್ಲಿ ಮಾಡುವಂತೆ ಅದೇ ಗುರುತಿನ ಮರಗಳನ್ನು ಮರಳಿ ಅಳೆದರೆ ತಾಕು ಆಯ್ಕೆಯ ದೋಷ ಎರಡೂ ಅಳತೆಗಳಿಗೆ ಸಮಾನವಾಗಿ, ಬದಲಾವಣೆಯನ್ನು ಹೆಚ್ಚು ಸ್ಪಷ್ಟವಾಗಿ ಗುರುತಿಸಲು ಸಾಧ್ಯವಾಗುತ್ತದೆ.